ಅರಬ್ಬಿಯ 'ಹಾಲ್': ಕೊನೆಯಲ್ಲಿ 'ಅನ್' ಯಾಕೆ?

ಅರಬ್ಬಿಯಲ್ಲಿ 'ಹುಡುಗ ನಗುತ್ತಾ ಬಂದ' ಅನ್ನುವಾಗ 'ದಾಹಿಕು' ಬಿಟ್ಟು 'ದಾಹಿಕನ್' ಅಂತ ಯಾಕೆ ಹೇಳ್ತಾರೆ?

ಆ ಪದ ಹುಡುಗನ ಗುರುತು ಹೇಳ್ತಿಲ್ಲ, ಬರುವಾಗ ಅವನು ಹೇಗಿದ್ದ ಅಂತ ಹೇಳ್ತಿದೆ, ಅದಕ್ಕೇ ದ್ವಿತೀಯಾ ವಿಭಕ್ತಿ. ಇದನ್ನೇ 'ಹಾಲ್' ಅನ್ನೋದು, ಅಂದರೆ ಸ್ಥಿತಿ.

'ಜಾಅ ಅಲ್-ವಲದು ಅದ್-ದಾಹಿಕು' ಅಂದರೆ 'ನಗುವ ಹುಡುಗ ಬಂದ'. ಇಲ್ಲಿ ಗುಣವಾಚಕ ನಾಮಪದದ ಜೊತೆ ಕೂತಿದೆ, ಅದರ 'ಅಲ್', ಅದರ 'ಉ' ಎರಡನ್ನೂ ತಗೊಂಡಿದೆ; 'ದ' ಮುಂದೆ ಬಂದಿದ್ದಕ್ಕೆ 'ಅಲ್' ಇಲ್ಲಿ 'ಅದ್' ಆಗಿದೆ ಅಷ್ಟೇ. 'ಜಾಅ ಅಲ್-ವಲದು ದಾಹಿಕನ್' ಅಂದಾಗ 'ಅಲ್' ಹೋಯ್ತು, 'ಅನ್' ಬಂತು. ಅಷ್ಟರಲ್ಲೇ ಪದ ನಾಮಪದವನ್ನು ಬಿಟ್ಟು ಕ್ರಿಯಾಪದಕ್ಕೆ ಅಂಟಿಕೊಂಡಿತು.

ನಮ್ಮ 'ನಗುತ್ತಾ' ಯಾರು ಬಂದರೂ ಹಾಗೇ ಇರುತ್ತೆ, ಅಲ್ವಾ? ಹಾಲ್ ಹಾಗಲ್ಲ, ಲಿಂಗ ವಚನ ನೋಡುತ್ತೆ: ಹುಡುಗಿ ಬಂದರೆ 'ಜಾಅತ್ ಅಲ್-ಬಿಂತು ದಾಹಿಕತನ್'.

ಒಂದು ಪದದ ಬದಲು ಇಡೀ ವಾಕ್ಯವೇ ಹಾಲ್ ಆಗಬಹುದು. 'ಜಾಅ ಅಲ್-ವಲದು ಯದ್‌ಹಕು' ಸರಿ, 'ಜಾಅ ಅಲ್-ವಲದು ವ-ಹುವ ಯದ್‌ಹಕು' ಕೂಡ ಸರಿ. ಜಾಸ್ತಿ ಜನ ಎಡವೋದು 'ವ-ಯದ್‌ಹಕು' ಅಂತ ಬರೆದು. ವರ್ತಮಾನದ ಕ್ರಿಯಾಪದಕ್ಕೆ ನೇರವಾಗಿ 'ವ' ಹಚ್ಚಿದರೆ ಹಾಲ್ ಆಗಲ್ಲ. ನಡುವೆ 'ಹುವ' (ಅವನು) ಬೇಕೇ ಬೇಕು, ಇಲ್ಲವೇ 'ವ' ಬಿಡಬೇಕು.