ಕಟಕಟೆಯಲ್ಲಿ ನಿಂತು "ಹೂಂ" ಅನ್ನುವ ಮುಂಚೆ

ಪ್ರಶ್ನೆ: ಎರಡು ವರ್ಷದ ಹಿಂದೆ ನಮ್ಮ ಅಂಗಡಿ ಎದುರಿಗೇ ಲಾರಿ, ಬೈಕು ಡಿಕ್ಕಿಯಾಗಿ ಒಬ್ಬರು ತೀರಿಕೊಂಡರು. ಪೊಲೀಸರು ನನ್ನ ಹೇಳಿಕೆ ಬರೆದುಕೊಂಡಿದ್ದರು. ಈಗ ಸಾಕ್ಷಿ ಹೇಳೋಕೆ ಸಮನ್ಸ್ ಬಂದಿದೆ. ಕೋರ್ಟ್ ಮೆಟ್ಟಿಲು ಹತ್ತಿದವನೇ ಅಲ್ಲ. ಹೇಗೆ ತಯಾರಾಗಲಿ, ಅಲ್ಲಿ ಹೇಗೆ ನಡೆದುಕೊಳ್ಳಲಿ?

ನಾನು ವಕೀಲನಲ್ಲ. 26 ವರ್ಷ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಬೆರಳಚ್ಚುಗಾರನಾಗಿ, ಆಮೇಲೆ ಸ್ಟೆನೋ ಆಗಿ ದುಡಿದು ನಿವೃತ್ತನಾದವನು. ಸಾಕ್ಷಿಯ ಬಾಯಿಂದ ಬಂದದ್ದು ಕಾಗದಕ್ಕೆ ಇಳಿಯುವ ಜಾಗದಲ್ಲೇ ನನ್ನ ಕುರ್ಚಿ ಇತ್ತು. ಹಾಗಾಗಿ ಅಲ್ಲಿಂದ ಕಂಡದ್ದನ್ನೇ ಹೇಳುತ್ತೇನೆ.

ಮೊದಲು ಒಂದು ವಿಷಯ ತಿಳಿದಿರಲಿ. ವಕೀಲರ ಪ್ರತಿ ಪ್ರಶ್ನೆ, ನಿಮ್ಮ ಪ್ರತಿ ಉತ್ತರ ಹಾಗೇ ಟೈಪ್ ಆಗುವುದಿಲ್ಲ. ವಕೀಲರು ಕೇಳುತ್ತಾರೆ, ನೀವು ಹೇಳುತ್ತೀರಿ, ನ್ಯಾಯಾಧೀಶರು ಎರಡನ್ನೂ ಸೇರಿಸಿ ನೀವೇ ಹೇಳಿದಂತೆ ಒಂದು ವಾಕ್ಯ ಮಾಡಿ ಸ್ಟೆನೋಗೆ ಹೇಳಿ ಬರೆಸುತ್ತಾರೆ. ಪಾಟೀಸವಾಲಿನಲ್ಲಿ ಆ ವಾಕ್ಯಗಳೆಲ್ಲ ಒಂದೇ ಅಚ್ಚಿನವು: "…ಎಂದರೆ ಸರಿ", "…ಎಂದರೆ ಸರಿಯಲ್ಲ". ಅಂದರೆ ನೀವು ಹೇಳುವುದು "ಹೂಂ" ಅಂತ ಒಂದೇ ಅಕ್ಷರ, ಕಾಗದದ ಮೇಲೆ ಬೀಳುವುದು ಎದುರು ಪಕ್ಷದ ವಕೀಲರ ಇಡೀ ವಾಕ್ಯ, ಅದೂ ನಿಮ್ಮ ಮಾತಾಗಿ.

ನಾನೇ ಟೈಪ್ ಮಾಡಿದ ಒಂದು ಕೇಸು ಹೇಳುತ್ತೇನೆ. ಅದೂ ಲಾರಿ ಅಪಘಾತವೇ. ಬಸ್‌ಸ್ಟ್ಯಾಂಡ್ ಪಕ್ಕ ಹೂ ಮಾರುವ ಹೆಂಗಸು ಪ್ರತ್ಯಕ್ಷ ಸಾಕ್ಷಿ. ಸರ್ಕಾರಿ ವಕೀಲರು ಕೇಳಿದಾಗ ಚೆನ್ನಾಗಿಯೇ ಹೇಳಿದರು: ಲಾರಿ ಬಸ್ಸನ್ನು ಹಿಂದೆ ಹಾಕಲು ರಸ್ತೆಯ ಬಲಕ್ಕೆ ಬಂತು, ಎದುರಿಗೆ ಬರುತ್ತಿದ್ದ ಬೈಕಿಗೆ ಗುದ್ದಿತು. ಆಮೇಲೆ ಆರೋಪಿ ಪರ ವಕೀಲರು ಎದ್ದರು. ದನಿ ಏರಿಸಲಿಲ್ಲ, ಅಕ್ಕಾ ಅಂತಲೇ ಮಾತಾಡಿಸಿದರು. "ಅವತ್ತು ಸಂಜೆ ಮಳೆ ಹನೀತಿತ್ತು, ನೀವು ಗಿರಾಕಿಗೆ ಹೂ ಅಳೆದು ಕೊಡ್ತಾ ಇದ್ರಿ, ಸದ್ದು ಕೇಳಿದ ಮೇಲೆ ತಲೆ ಎತ್ತಿ ನೋಡಿದ್ರಿ, ಅಲ್ವಾ ಅಕ್ಕಾ?" ಆಕೆ "ಹೂಂ ಸ್ವಾಮಿ" ಅಂದರು.

ನಾನು ಟೈಪ್ ಮಾಡಿದ್ದು ಮೂರು ಸಾಲು. ಆ ದಿನ ಮಳೆ ಹನಿಯುತ್ತಿತ್ತು ಎಂದರೆ ಸರಿ. ನಾನು ಹೂವಿನ ವ್ಯಾಪಾರದಲ್ಲಿ ನಿರತಳಾಗಿದ್ದೆ ಎಂದರೆ ಸರಿ. ಸದ್ದು ಕೇಳಿದ ನಂತರವೇ ನಾನು ಆ ಕಡೆ ನೋಡಿದೆ ಎಂದರೆ ಸರಿ. ಮೂರನೆಯ ಸಾಲಿಗೆ ಆಕೆ ಪ್ರತ್ಯಕ್ಷ ಸಾಕ್ಷಿಯಾಗಿ ಉಳಿಯಲಿಲ್ಲ. ಡಿಕ್ಕಿ ಆದ ಮೇಲೆ ನೋಡಿದವರಾದರು. ಸರ್ಕಾರಿ ವಕೀಲರು ಎದ್ದು ಆಕೆಗೆ ಮತ್ತೆ ಪ್ರಶ್ನೆ ಹಾಕಿ ಮರುವಿಚಾರಣೆ ಮಾಡಬಹುದಿತ್ತು, ಮಾಡಲಿಲ್ಲ. ಮಧ್ಯಾಹ್ನ ವರಾಂಡದಲ್ಲಿ ಸಿಕ್ಕಿದಾಗ ಆಕೆ ಹೇಳಿದ್ದು ಇಷ್ಟೇ: "ಮಳೆ ಬರ್ತಿದ್ದದ್ದು ನಿಜ ಅಲ್ವಾ ಸಾರ್, ಅದಕ್ಕೇ ಹೂಂ ಅಂದೆ." ತೀರ್ಪಿನಲ್ಲಿ ಆ ಮೂರನೆಯ ಸಾಲನ್ನು ಹಾಗೇ ಎತ್ತಿ ಬರೆದಿದ್ದರು. ಚಾಲಕ ಬಿಡುಗಡೆಯಾದ.

ಹಾಗಾಗಿ ಒಂದು ಪ್ರಶ್ನೆಯೊಳಗೆ ಮೂರು ಮಾತು ಇದ್ದರೆ ಅದನ್ನು ಬಿಡಿಸಿ ಉತ್ತರ ಕೊಡಿ. "ಮಳೆ ಬರ್ತಿತ್ತು, ಸರಿ. ಹೂ ಕೊಡ್ತಿದ್ದೆ, ಅದೂ ಸರಿ. ಸದ್ದು ಆದ ಮೇಲೆ ನೋಡಿದೆ ಅನ್ನೋದು ಸರಿಯಲ್ಲ, ಮುಂಚೇನೇ ನೋಡ್ತಿದ್ದೆ." ಹೀಗೆ ಹೇಳಲು ನಿಮಗೆ ಪೂರ್ತಿ ಹಕ್ಕಿದೆ. "ಹೌದು ಅಥವಾ ಇಲ್ಲ ಅಂತ ಮಾತ್ರ ಹೇಳಿ" ಎಂದು ವಕೀಲರು ಒತ್ತಿದರೆ ಅವರ ಜೊತೆ ವಾದಕ್ಕೆ ಇಳಿಯಬೇಡಿ. ನ್ಯಾಯಾಧೀಶರ ಕಡೆ ತಿರುಗಿ "ಸ್ವಾಮಿ, ಇದಕ್ಕೆ ಒಂದೇ ಮಾತಲ್ಲಿ ಉತ್ತರ ಹೇಳೋಕೆ ಆಗಲ್ಲ" ಅನ್ನಿ. ಬೇಕೆನಿಸಿದರೆ ಆ ಭಾಗವನ್ನು ಪ್ರಶ್ನೆ, ಉತ್ತರ ಅಂತಲೇ ಬರೆಸುವ ಅಧಿಕಾರ ಅವರಿಗಿದೆ. ಪ್ರಶ್ನೆ ಯಾರೇ ಕೇಳಲಿ, ಉತ್ತರ ನ್ಯಾಯಾಧೀಶರ ಕಡೆಗೇ ಹೇಳಿ. ಅವರು ಸ್ಟೆನೋಗೆ ಬರೆಸುವಾಗ ಬಾಯಿ ಮುಚ್ಚಿ, ಕಿವಿ ತೆರೆದಿಡಿ. ತಪ್ಪು ಕೇಳಿಸಿದರೆ ಆಗಲೇ ಹೇಳಿ. ಅದು ಉದ್ಧಟತನ ಅಲ್ಲ. ನಾವು ಟೈಪ್ ಮಾಡುವವರಂತೂ ಅಂಥ ಸಾಕ್ಷಿಯನ್ನು ಮೆಚ್ಚುತ್ತಿದ್ದೆವು, ಯಾಕೆಂದರೆ ಅವರು ನಿಧಾನಕ್ಕೆ ಮಾತಾಡುತ್ತಿದ್ದರು!

ಇನ್ನು ತಯಾರಿ. ನಿಮ್ಮ ಹೇಳಿಕೆಯಲ್ಲಿ "ಅತಿವೇಗ ಮತ್ತು ಅಜಾಗರೂಕತೆಯಿಂದ ಲಾರಿ ಚಲಾಯಿಸಿಕೊಂಡು ಬಂದು" ಎಂಬ ಸಾಲು ಇದ್ದೇ ಇರುತ್ತದೆ. ಅದು ಠಾಣೆಯ ಭಾಷೆ. ಬಹಳ ಸಾಕ್ಷಿಗಳು ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದು ಗಿಣಿಯ ಹಾಗೆ ಒಪ್ಪಿಸುತ್ತಾರೆ. ಅದರಿಂದ ಕೇಸು ನಿಲ್ಲುವುದಿಲ್ಲ. ನಮ್ಮ ರಾಜ್ಯದ್ದೇ ಒಂದು ಕೇಸಿದೆ: ಹಳ್ಳ ದಾಟುವಾಗ ಲಾರಿ ಮಗುಚಿ 15 ಜನ ಸತ್ತಿದ್ದರು. ಸಾಕ್ಷಿಗಳು ಬಹಳ ವೇಗವಾಗಿ ಬಂತು ಅಂದರೇ ಹೊರತು ಆ ವೇಗ ಅಂದರೆ ಏನು ಅಂತ ಯಾರೂ ಬಿಡಿಸಿ ಹೇಳಲಿಲ್ಲ. ಚಾಲಕನ ಬಿಡುಗಡೆಯನ್ನು 1998ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ವೇಗ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು, ಅಷ್ಟರಿಂದಲೇ ಅಜಾಗರೂಕತೆ ಸಾಬೀತಾಗುವುದಿಲ್ಲ ಅನ್ನುವುದು ಅದರ ಸಾರ.

ಆದ್ದರಿಂದ ಅತಿವೇಗ ಅನ್ನುವ ಪದ ಬಿಟ್ಟು, ಕಣ್ಣಿಗೆ ಕಂಡದ್ದನ್ನು ನೆನಪು ಮಾಡಿಕೊಳ್ಳಿ. ಮನೆಯಲ್ಲಿ ಕೂತು ಮಾಡುವ ಕೆಲಸ ಅಲ್ಲ ಇದು. ಅಂಗಡಿಯಲ್ಲಿ ಅವತ್ತು ನಿಂತಿದ್ದ ಜಾಗದಲ್ಲೇ ಒಮ್ಮೆ ನಿಂತು ರಸ್ತೆ ನೋಡಿ. ಅಲ್ಲಿಂದ ಎಷ್ಟು ದೂರದವರೆಗೆ ಕಾಣುತ್ತದೆ? ಮಧ್ಯೆ ಕಂಬ, ಮರ, ನಿಂತ ಆಟೋ ಏನಾದರೂ ಅಡ್ಡ ಬರುತ್ತದೆಯೇ? ಲಾರಿ ಯಾವ ಕಡೆಯಿಂದ ಬಂತು, ರಸ್ತೆಯ ಯಾವ ಮಗ್ಗುಲಲ್ಲಿತ್ತು, ಹಾರ್ನ್ ಕೇಳಿಸಿತೇ, ಬ್ರೇಕಿನ ಕೀರಲು ಗುದ್ದುವ ಮುಂಚೆ ಬಂತೋ ಆಮೇಲೋ, ಲಾರಿ ಎಲ್ಲಿ ಹೋಗಿ ನಿಂತಿತು? ದೂರವನ್ನು ಅಡಿ, ಮೀಟರಿನಲ್ಲಿ ಹೇಳುವ ಶೂರತನ ಬೇಡ. "ನಮ್ಮ ಅಂಗಡಿಯಿಂದ ನೀರಿನ ಟ್ಯಾಂಕ್ ಇರುವಷ್ಟು ದೂರ" ಅನ್ನಿ. ಸ್ಥಳದ ನಕ್ಷೆಯಲ್ಲಿ ಅದನ್ನು ತಾಳೆ ನೋಡಿಕೊಳ್ಳುತ್ತಾರೆ. ಆದರೆ ಪಕ್ಕದ ಅಂಗಡಿಯವರೂ ಸಾಕ್ಷಿಯಾಗಿದ್ದರೆ ಇಬ್ಬರೂ ಕೂತು ಕಥೆ ಹೊಂದಿಸಿಕೊಳ್ಳಬೇಡಿ. ಇಬ್ಬರ ಬಾಯಲ್ಲೂ ಒಂದೇ ಪದ ಬಂದರೆ ಅನುಭವಿ ವಕೀಲರಿಗೆ ಎರಡನೇ ವಾಕ್ಯದಲ್ಲೇ ವಾಸನೆ ಹೊಡೆಯುತ್ತದೆ.

ಎಲ್ಲರಿಗೂ ಕಾಡುವ ಭಯ, ಪೊಲೀಸರು ಬರೆದದ್ದಕ್ಕೂ ನಾನು ಹೇಳುವುದಕ್ಕೂ ವ್ಯತ್ಯಾಸ ಬಂದರೆ ಅನ್ನುವುದು. ತನಿಖೆಯಲ್ಲಿ ಬರೆದುಕೊಂಡ ಆ ಹೇಳಿಕೆಗೆ ನಿಮ್ಮ ಸಹಿ ಇರುವುದಿಲ್ಲ, ಇರಲೂಬಾರದು. ಅದೇ ಸಾಕ್ಷ್ಯವೂ ಅಲ್ಲ. ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಿದ್ದೇ ಸಾಕ್ಷ್ಯ. ಆ ಹೇಳಿಕೆ ಬಳಕೆಗೆ ಬರುವುದು ಇವೆರಡರ ನಡುವಿನ ವ್ಯತ್ಯಾಸ ತೋರಿಸಲು. ವ್ಯತ್ಯಾಸ ತೋರಿಸಿ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ: "ನಾನು ಹೇಳಿದ್ದೆ, ಅವರು ಯಾಕೆ ಬರೆದಿಲ್ಲವೋ ಗೊತ್ತಿಲ್ಲ", ಇಲ್ಲವೇ "ಅವತ್ತು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ". ಸಣ್ಣಪುಟ್ಟ ವ್ಯತ್ಯಾಸಕ್ಕೆ ಸಾಕ್ಷ್ಯ ಬಿದ್ದುಹೋಗುವುದಿಲ್ಲ. ಮುಚ್ಚಿಡಲು ಹೋದಾಗ ಬೀಳುತ್ತದೆ.

ಚಾಲಕನ ಗುರುತಿನ ವಿಷಯದಲ್ಲಿ ಇದು ಹೆಚ್ಚು. "ಲಾರಿ ಓಡಿಸುತ್ತಿದ್ದವರು ಇವರೇನಾ?" ಎಂದು ಸರ್ಕಾರಿ ವಕೀಲರು ಕೇಳುತ್ತಾರೆ. ಗುದ್ದಿದ ಮೇಲೆ ಅವನು ಇಳಿದು ಓಡಿಹೋಗಿ, ನೀವು ಬೆನ್ನು ಮಾತ್ರ ನೋಡಿದ್ದರೆ ಹಾಗೇ ಹೇಳಿ. ಹೇಳಿಕೆಯಲ್ಲಿ "ನೋಡಿದರೆ ಗುರುತಿಸುತ್ತೇನೆ" ಎಂದು ಬರೆದಿದ್ದರೆ ಸರ್ಕಾರಿ ವಕೀಲರು ನಿಮ್ಮನ್ನು ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಲು ಅನುಮತಿ ಕೇಳಿ, ತಾವೇ ಪಾಟೀಸವಾಲು ಹಾಕಬಹುದು. ಆ ಪದ ಕೇಳಿ ಹೆದರಬೇಡಿ. ಹಾಗೆ ಕರೆಸಿಕೊಂಡ ಮಾತ್ರಕ್ಕೆ ಶಿಕ್ಷೆ ಇಲ್ಲ. ಗೊತ್ತಿದ್ದೂ ಸುಳ್ಳು ಹೇಳಿದರೆ ಇದೆ, 7 ವರ್ಷದವರೆಗೆ. ಹಾಗೆಯೇ "ಗೊತ್ತಿಲ್ಲ" ಮತ್ತು "ನೆನಪಿಲ್ಲ" ಒಂದೇ ಅಲ್ಲ. ಲಾರಿಯ ನಂಬರ್ ನೋಡಿಯೇ ಇರಲಿಲ್ಲ ಅಂದರೆ ಗೊತ್ತಿಲ್ಲ. ಅವತ್ತು ನೋಡಿ ಈಗ ಮರೆತಿದ್ದರೆ ನೆನಪಿಲ್ಲ. ನಡುಗುವ ಸಾಕ್ಷಿ ಎರಡನ್ನೂ ಬೆರೆಸಿ ಹೇಳಿ, ಆಮೇಲೆ ಸಿಕ್ಕಿಬೀಳುತ್ತಾನೆ.

ಸ್ಥಳ ಮಹಜರಿಗೂ ನಿಮ್ಮ ಸಹಿ ಹಾಕಿಸಿಕೊಂಡಿದ್ದರೆ ಅದನ್ನು ತೋರಿಸಿ ಕೇಳುತ್ತಾರೆ. ಕಾಗದಕ್ಕೆ ನಿ.ಪಿ.1 ಎಂದು, ನಿಮ್ಮ ಸಹಿಗೆ ನಿ.ಪಿ.1(ಎ) ಎಂದು ಗುರುತು ಹಾಕುತ್ತಾರೆ. ಸಹಿ ಎಲ್ಲಿ ಹಾಕಿದಿರಿ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಠಾಣೆಯಲ್ಲಿ ಹಾಕಿದ್ದರೆ ಠಾಣೆ ಅನ್ನಿ, ಸ್ಥಳದಲ್ಲಿ ಅಂತ ಸೇರಿಸಬೇಡಿ.

ಆ ದಿನ ಸಮನ್ಸ್, ಆಧಾರ್ ಕಾರ್ಡ್ ಹಿಡಿದು ಕೋರ್ಟ್ ಶುರುವಾಗುವ ಮುಂಚೆಯೇ ಹೋಗಿ. ಅಲ್ಲಿರುವ ಕೋರ್ಟ್ ಪೇದೆಗೆ ಸಮನ್ಸ್ ತೋರಿಸಿದರೆ ಅವರು ಸರ್ಕಾರಿ ವಕೀಲರ ಹತ್ತಿರ ಕರೆದೊಯ್ಯುತ್ತಾರೆ. ವಕೀಲರು ಫೈಲ್ ತಿರುವಿ ಏನಾಯಿತು ಅಂತ ಕೇಳಬಹುದು, ಅದು ಸಹಜ. ಆದರೆ ಹೀಗೆ ಹೇಳು ಅಂತ ಯಾರಾದರೂ ಪಾಠ ಹೇಳಿಕೊಡಲು ಬಂದರೆ ಒಪ್ಪಬೇಡಿ, ಪೊಲೀಸರೇ ಆಗಲಿ. ಸಾಕ್ಷಿಗಳನ್ನು ಠಾಣೆಗೆ ಕರೆಸಿ ಹೇಳಿಕೊಟ್ಟದ್ದಕ್ಕೆ 2024ರಲ್ಲಿ ತಮಿಳುನಾಡಿನ ಒಂದು ಕೊಲೆ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕಟುವಾಗಿ ಆಕ್ಷೇಪಿಸಿದೆ. "ಬರುವ ಮುಂಚೆ ಯಾರ ಹತ್ತಿರವಾದರೂ ಮಾತಾಡಿದ್ರಾ?" ಎಂದು ಪಾಟೀಸವಾಲಿನಲ್ಲಿ ಕೇಳಿದರೆ, ಮಾತಾಡಿದ್ದರೆ ಹೌದು ಅನ್ನಿ. ಎಷ್ಟೋ ಜನ ಇದೇನೋ ಅಪರಾಧ ಅಂದುಕೊಂಡು "ಇಲ್ಲ" ಅಂದುಬಿಡುತ್ತಾರೆ. ಅಷ್ಟು ಹೊತ್ತು ವರಾಂಡದಲ್ಲಿ ನಿಮ್ಮನ್ನು ನೋಡುತ್ತಾ ನಿಂತಿದ್ದವರೇ ಪ್ರಶ್ನೆ ಕೇಳುತ್ತಿರುತ್ತಾರೆ. ಲಾರಿ ಮಾಲೀಕರ ಕಡೆಯವರು ಕಾಫಿಗೆ ಕರೆದರೆ ಹೋಗಬೇಡಿ; ಬೆದರಿಸಿದರೆ ಸರ್ಕಾರಿ ವಕೀಲರಿಗೆ ಅಲ್ಲೇ ತಿಳಿಸಿ.

ಹೆಸರು ಕೂಗುವವರೆಗೆ ಹೊರಗೇ ಇರಿ, ಬೇರೆ ಸಾಕ್ಷಿ ಹೇಳುವುದನ್ನು ನೀವು ಕೇಳಬಾರದು. ಫೋನ್ ಆಫ್ ಮಾಡಿ. ಪ್ರಮಾಣ ಮಾಡಿಸುವಾಗ ಸಿನಿಮಾದ ಹಾಗೆ ಯಾವ ಗ್ರಂಥವನ್ನೂ ಮುಟ್ಟಿಸುವುದಿಲ್ಲ, ಬಾಯಲ್ಲಿ ಹೇಳಿದರೆ ಸಾಕು. ದೇವರ ಹೆಸರು ಬೇಡವೆಂದರೆ ಸತ್ಯ ಹೇಳುತ್ತೇನೆ ಎಂದು ದೃಢೀಕರಿಸಬಹುದು.

ಬೆಳಗ್ಗೆ ಹೋದವರು ಸಂಜೆವರೆಗೆ ಕಾದು ಬರಿಗೈಲಿ ಬರುವುದೂ ಉಂಟು. ಸರ್ಕಾರಿ ವಕೀಲರ ಪ್ರಶ್ನೆಗಳು ಮುಗಿದು ಪಾಟೀಸವಾಲು ಮುಂದಕ್ಕೆ ಹೋದರೆ ಮುಂದಿನ ತಾರೀಖು ಬರೆದುಕೊಂಡೇ ಹೊರಡಿ, ನಡುವೆ ಸಾಕ್ಷ್ಯದ ಬಗ್ಗೆ ಯಾರ ಜೊತೆಗೂ ಚರ್ಚೆ ಬೇಡ. ಬರಲು ಆಗದಿದ್ದರೆ ಕಾರಣವನ್ನು ಮೊದಲೇ ಬರವಣಿಗೆಯಲ್ಲಿ ತಿಳಿಸಿ, ಇಲ್ಲದಿದ್ದರೆ ವಾರಂಟ್ ಬರುತ್ತದೆ.

ಎಲ್ಲ ಮುಗಿದ ಮೇಲೆ ಟೈಪ್ ಆದ ಹಾಳೆಗಳಿಗೆ ಸಹಿ ಕೇಳುತ್ತಾರೆ. ಗಡಿಬಿಡಿಯಲ್ಲಿ ಬಹಳ ಜನ ಹಾಗೇ ಹಾಕಿ ಓಡುತ್ತಾರೆ. ನೀವು ಓದಿ, ಇಂಗ್ಲಿಷಿನಲ್ಲಿ ಬರೆಸಿದ್ದರೆ ಕನ್ನಡದಲ್ಲಿ ಓದಿ ಹೇಳಿ ಅನ್ನಿ. ಏನಾದರೂ ತಪ್ಪಿದ್ದರೆ ನ್ಯಾಯಾಧೀಶರು ತಿದ್ದಿಸುತ್ತಾರೆ, ಒಪ್ಪದಿದ್ದರೆ ನಿಮ್ಮ ಆಕ್ಷೇಪವನ್ನು ಬರೆದಿಡುತ್ತಾರೆ. ಆಮೇಲೆ ಸಹಿ ಹಾಕಿ, ಸಾಕ್ಷಿ ಭತ್ಯೆ ಕೇಳಿ ತೆಗೆದುಕೊಂಡು ಮನೆಗೆ ಹೋಗಿ. ಬಸ್ ಚಾರ್ಜಿಗೆ ಆಗುತ್ತೋ ಇಲ್ಲವೋ, ಕೇಳಿದವರಿಗೆ ಮಾತ್ರ ಸಿಗುತ್ತದೆ.