ಬಾಟಲಿ ನೋಡಿ ರಿಯಾಕ್ಷನ್ ಹೆಸರು ಹೇಳಿದ್ದೆ

ಪ್ರಶ್ನೆ: ಸೆಕೆಂಡ್ ಪಿಯುಸಿ ಆರ್ಗ್ಯಾನಿಕ್ ನೇಮ್ಡ್ ರಿಯಾಕ್ಷನ್ ಎಲ್ಲಾ ಒಂದೇ ಹಾಳೆಯಲ್ಲಿ ಇರೋ ಚಾರ್ಟ್ ಯಾರತ್ರ ಆದ್ರೂ ಇದೆಯಾ? ರೀಏಜೆಂಟ್, ಕಂಡೀಷನ್, ಪ್ರಾಡಕ್ಟ್, ಜೊತೆಗೆ ಎಲ್ಲರೂ ಕನ್‌ಫ್ಯೂಸ್ ಆಗೋ ಒಂದು ಪಾಯಿಂಟ್ ಇರಬೇಕು. ಬಾಯಿಪಾಠ ಮಾಡಬೇಕು.

ನನ್ನ ಹತ್ತಿರ ಇತ್ತು. ವಿಜಯಪುರದಲ್ಲಿ ಇಂಡಿ ಕಡೆಯ ನಾವು ಮೂವರು ಒಂದು ರೂಮು ಮಾಡಿಕೊಂಡಿದ್ದೆವು. ಸೀನಿಯರ್ ಒಬ್ಬರ ಚಾರ್ಟಿನ ಝೆರಾಕ್ಸ್ ತಂದು ಸ್ಟೋವಿನ ಮೇಲಿನ ಗೋಡೆಗೆ ಅಂಟಿಸಿದ್ದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತ ಓದಿದ್ದೇ ಓದಿದ್ದು. ಒಗ್ಗರಣೆ ಸಿಡಿದು ಅರ್ಧ ಅಕ್ಷರ ಕಾಣದಿದ್ದರೂ ನನಗೆ ಬಾಯಿಗೆ ಬರುತ್ತಿತ್ತು.

ಅದರಲ್ಲಿ ಆಲ್ಡಾಲ್ ಎದುರಿಗೆ ಡೈಲ್ಯೂಟ್ NaOH, ಕ್ಯಾನಿಝಾರೊ ಎದುರಿಗೆ ಕಾನ್ಸಂಟ್ರೇಟೆಡ್ NaOH ಎಂದು ಬರೆದಿತ್ತು. ಗೊಂದಲದ ಕಾಲಂನಲ್ಲಿ 'ಎರಡಕ್ಕೂ NaOH, ಡೈಲ್ಯೂಟ್ ಯಾವುದಕ್ಕೆ ಎಂದು ಮರೆಯಬೇಡಿ' ಅಂತ. ನಾನು ಮರೆಯಲಿಲ್ಲ. ಕೆಟ್ಟದ್ದೇ ಅಲ್ಲಿ.

ಪ್ರಿಪರೇಟರಿಯಲ್ಲಿ ಒಂದು ಪ್ರಶ್ನೆ ಬಂತು. C5H10O ಸೂತ್ರದ ವಸ್ತು ಟಾಲೆನ್ಸ್ ರೀಏಜೆಂಟಿನ ಜೊತೆ ಬೆಳ್ಳಿ ಕನ್ನಡಿ ಕೊಡುತ್ತದೆ, ಕಾನ್ಸಂಟ್ರೇಟೆಡ್ NaOH ಜೊತೆ ಒಂದು ಆಲ್ಕೋಹಾಲ್, ಒಂದು ಆಮ್ಲದ ಲವಣ ಕೊಡುತ್ತದೆ, ಅದು ಯಾವುದು? ಬೆಳ್ಳಿ ಕನ್ನಡಿ ಅಂದರೆ ಆಲ್ಡಿಹೈಡ್, ಕಾನ್ಸಂಟ್ರೇಟೆಡ್ ಅಂದರೆ ಕ್ಯಾನಿಝಾರೊ. ಐದು ಕಾರ್ಬನ್ ಇದೆಯಲ್ಲ, ಪೆಂಟನಾಲ್ ಎಂದು ಬರೆದೆ. ಸಮೀಕರಣವನ್ನೂ ಚೆಂದಾಗಿ ಬ್ಯಾಲೆನ್ಸ್ ಮಾಡಿದೆ. ಪೇಪರ್ ಕೊಡುವಾಗ ಸರ್ ನನ್ನ ಮುಖ ನೋಡಿ, "ಪಕ್ಕದ ಕಾರ್ಬನ್ನಿಗೆ ಹೈಡ್ರೋಜನ್ ಎಷ್ಟ ಅದಾವಲೇ? ಎಣಸು" ಅಂದರು.

ಅಲ್ಲೇ ನಿಂತು ಎಣಿಸಿದೆ. ಆ ಸೂತ್ರಕ್ಕೆ ನಾಲ್ಕು ಆಲ್ಡಿಹೈಡ್ ಬರೆಯಬಹುದು. ಪೆಂಟನಾಲ್‌ನಲ್ಲಿ CHO ಪಕ್ಕದ ಕಾರ್ಬನ್ನಿಗೆ ಎರಡು ಹೈಡ್ರೋಜನ್, 3-ಮೀಥೈಲ್‌ಬ್ಯೂಟನಾಲ್‌ನಲ್ಲೂ ಎರಡು, 2-ಮೀಥೈಲ್‌ಬ್ಯೂಟನಾಲ್‌ನಲ್ಲಿ ಒಂದು. 2,2-ಡೈಮೀಥೈಲ್‌ಪ್ರೊಪನಾಲ್‌ನಲ್ಲಿ, ಅಂದರೆ (CH3)3C-CHO ದಲ್ಲಿ, ಒಂದೂ ಇಲ್ಲ. ಉತ್ತರ ಅದೇ.

ಈ ಪಕ್ಕದ ಹೈಡ್ರೋಜನ್ನೇ ಆಲ್ಫಾ ಹೈಡ್ರೋಜನ್. ಅದಿದ್ದರೆ ಕ್ಷಾರ ಮೊದಲು ಅದನ್ನೇ ಕಿತ್ತುಕೊಳ್ಳುತ್ತದೆ, ಉಳಿದ ಕಾರ್ಬನ್ ಇನ್ನೊಂದು ಆಲ್ಡಿಹೈಡ್ ಅಣುವಿಗೆ ಹೋಗಿ ಕೂಡುತ್ತದೆ. ಅದು ಆಲ್ಡಾಲ್. ಕೀಳಲು ಏನೂ ಇಲ್ಲದಾಗ ಮಾತ್ರ OH⁻ ನೇರ C=O ಕಾರ್ಬನ್ನಿಗೆ ಅಂಟಿ, ಅಲ್ಲಿನ ಹೈಡ್ರೋಜನ್ನನ್ನು ಎರಡು ಎಲೆಕ್ಟ್ರಾನ್ ಸಮೇತ ಪಕ್ಕದ ಅಣುವಿಗೆ ದಾಟಿಸುತ್ತದೆ. ಕೊಟ್ಟಿದ್ದು ಆಮ್ಲದ ಲವಣವಾಗುತ್ತದೆ, ಪಡೆದದ್ದು ಆಲ್ಕೋಹಾಲ್ ಆಗುತ್ತದೆ. ಈ ದಾರಿ ಕಷ್ಟದ್ದು, ಅದಕ್ಕೇ ಗಟ್ಟಿ ಕ್ಷಾರ ಬೇಕು. ಗಟ್ಟಿ ಕ್ಷಾರ ಹಾಕಿದ ಮಾತ್ರಕ್ಕೆ ಕ್ಯಾನಿಝಾರೊ ಆಗುವುದಿಲ್ಲ. ಬಿ.ಎಸ್ಸಿ.ಗೆ ಬಂದ ಮೇಲೆ ಅಸಿಟಾಲ್ಡಿಹೈಡಿಗೆ ಗಟ್ಟಿ NaOH ಹಾಕಿ ಕಾಯಿಸಿ ನೋಡಿದೆ. ಹಳದಿಯಾಗಿ, ಕಂದಾಗಿ, ಕೊನೆಗೆ ಟೆಸ್ಟ್‌ಟ್ಯೂಬಿಗೆ ರಾಳದಂತೆ ಮೆತ್ತಿಕೊಂಡಿತು. ಆಲ್ಡಾಲ್ ಮೇಲೆ ಆಲ್ಡಾಲ್ ಆಗಿ ಬಂದ ಅಂಟು ಅದು. ಬ್ರಶ್ ಹಾಕಿ ತಿಕ್ಕಿ ಕೈ ಸೋತಿತ್ತು.

ಹಾಗಾಗಿ ಚಾರ್ಟ್ ಹುಡುಕಬೇಡಿ ಅಂತಲೇ ಹೇಳುತ್ತೇನೆ. ಚಾರ್ಟ್ ನೀವೇ ಬರೆಯಿರಿ, ಅದರ ಮೊದಲ ಕಾಲಂ ರೀಏಜೆಂಟಿನದ್ದಾಗಬಾರದು, ಆರಂಭದ ವಸ್ತುವಿನದ್ದಾಗಬೇಕು. ಗೊಂದಲದ ಕಾಲಂ ಖಾಲಿ ಬಿಡಿ, ನಿಮ್ಮ ಉತ್ತರ ತಪ್ಪಾದ ದಿನ ತುಂಬಿ. ನನ್ನ ಸೀನಿಯರ್ ಬರೆದಿದ್ದು ಅವರು ಎಡವಿದ ಕಲ್ಲು, ನನ್ನದು ಬೇರೆ ಇತ್ತು.

ನನ್ನ ಕ್ಯಾನಿಝಾರೊ ಸಾಲಿನಲ್ಲಿ ಆಮೇಲೆ ಮೂರು ತಪ್ಪು ಸೇರಿದವು. ಮೊದಲನೆಯದು ಫಾರ್ಮಾಲ್ಡಿಹೈಡಿನದು. HCHO ದಲ್ಲಿರುವ ಎರಡು ಹೈಡ್ರೋಜನ್‌ಗಳನ್ನೇ ಆಲ್ಫಾ ಎಂದುಕೊಂಡಿದ್ದೆ. ಅವು C=O ಕಾರ್ಬನ್ನಿನವೇ, ಪಕ್ಕದಲ್ಲಿ ಕಾರ್ಬನ್ನೇ ಇಲ್ಲ. ಎರಡನೆಯದರಲ್ಲಿ ಬೆಂಝಾಲ್ಡಿಹೈಡ್ ಕಂಡ ಕೂಡಲೇ ಕ್ಯಾನಿಝಾರೊ ಎಂದು ಬರೆದುಬಿಟ್ಟಿದ್ದೆ. ಜೊತೆಗೆ ಅಸಿಟಾಲ್ಡಿಹೈಡ್, ಡೈಲ್ಯೂಟ್ NaOH ಇದ್ದದ್ದು ಕಣ್ಣಿಗೆ ಬೀಳಲಿಲ್ಲ. ಆಲ್ಫಾ ಹೈಡ್ರೋಜನ್ ಅಸಿಟಾಲ್ಡಿಹೈಡ್ ಒದಗಿಸುತ್ತದೆ, ಕ್ರಾಸ್ ಆಲ್ಡಾಲ್ ಆಗಿ, ಕಾಯಿಸಿದರೆ ನೀರು ಹೋಗಿ C6H5CH=CHCHO ಬರುತ್ತದೆ. ಅಡುಗೆಮನೆಯ ದಾಲ್ಚಿನ್ನಿಯ ಘಮಲು ಅದರದ್ದೇ.

ಮೂರನೆಯದು ಪ್ರಾಡಕ್ಟ್ ಕಾಲಂನಲ್ಲಿ 'ಆಮ್ಲ' ಎಂದು ಬರೆದದ್ದು. ಬಿ.ಎಸ್ಸಿ. ಪ್ರಾಕ್ಟಿಕಲ್‌ನಲ್ಲಿ ಬೆಂಝಾಲ್ಡಿಹೈಡನ್ನು ಗಟ್ಟಿ KOH ಜೊತೆ ಕುಲುಕಿ ಒಂದು ರಾತ್ರಿ ಇಟ್ಟಿದ್ದೆವು. ಬೆಳಿಗ್ಗೆ ಬಾಟಲಿಯಲ್ಲಿ ಬಿಳಿ ಮುದ್ದೆ. ನೀರು ಹಾಕಿದರೆ ಅದು ಕರಗಿತು, ಯಾಕೆಂದರೆ ಅದು ಪೊಟ್ಯಾಸಿಯಂ ಬೆಂಝೊಯೇಟ್, ಲವಣ. ಈಥರ್ ಹಾಕಿ ಬೆಂಝೈಲ್ ಆಲ್ಕೋಹಾಲ್ ಎಳೆದುಕೊಂಡೆವು. ಉಳಿದ ನೀರಿಗೆ HCl ಹನಿಸಿದಾಗ ಮೊಸರು ಒಡೆದಂತೆ ಬಿಳಿಯಾಗಿ ಬೆಂಝೊಯಿಕ್ ಆಮ್ಲ ಬಂತು. HCl ಬೀಳುವ ತನಕ ಅಲ್ಲಿ ಆಮ್ಲ ಇರಲಿಲ್ಲ.