ಹಿಟ್ಟು ಬಿಸಿ ಇರುವಾಗ ಫೋನ್ ಮುಟ್ಟಬೇಡಿ

ಸಾಗರದ ಹತ್ತಿರ ಮನೆಯಲ್ಲೇ ಹಲಸಿನ ಹಪ್ಪಳ ಮಾಡಿ ಮಾರ್ತೀನಿ. ಟೈಮ್‌ಟೇಬಲ್ ಹಾಕಿಕೊಂಡರೂ ಮೂರೇ ದಿನಕ್ಕೆ ಕೆಡುತ್ತೆ. ಮಕ್ಕಳಿಗೆ ರಜೆ, ಅತ್ತೆಯವರ ಔಷಧಿ, ವಾಟ್ಸಾಪ್ ಆರ್ಡರ್, ಎಲ್ಲಾ ಒಟ್ಟಿಗೇ ಬರುತ್ತೆ. ಏನು ಮಾಡಲಿ?

ಈ ಸೀಸನ್‌ನಲ್ಲಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ತಪ್ಪೂ ಒಂದೇ. ಎಲ್ಲ ಕೆಲಸಕ್ಕೂ ಒಂದೊಂದು ಗಂಟೆ ಹಂಚಿರುತ್ತೀರಿ. ಮೊದಲು ನೋಡಬೇಕಾದದ್ದು ಯಾವ ಕೆಲಸ ಅರ್ಧಕ್ಕೆ ನಿಲ್ಲಿಸಬಹುದು, ಯಾವುದು ಆಗದು ಎಂಬುದನ್ನು.

ಸೊಳೆ ಬಿಡಿಸಿ ಹೆಚ್ಚುವುದನ್ನು ಎಷ್ಟು ಸಲ ಬೇಕಾದರೂ ನಿಲ್ಲಿಸಬಹುದು, ಹಾಗಾಗಿ ಅದು ಹಿಂದಿನ ಸಂಜೆ ಮಕ್ಕಳ ಮಧ್ಯೆ ಕೂತು ಮಾಡುವ ಕೆಲಸ. ಬೇಯುವಾಗ ಒಲೆ ಬೇಕು, ನಿಮ್ಮ ಕೈ ಬೇಡ. ಬೆಂದ ಸೊಳೆ ರುಬ್ಬುವುದರಿಂದ ಕೊನೆಯ ಹಪ್ಪಳ ಒತ್ತುವವರೆಗೆ ಮಾತ್ರ ನಿಲ್ಲಿಸುವಂತಿಲ್ಲ. ಹಿಟ್ಟು ಆರಿದರೆ ಬಿಗಿಯಾಗುತ್ತದೆ, ಅಂಚು ಸೀಳುತ್ತದೆ. ಮೊದಲ ಇಪ್ಪತ್ತು ಹಪ್ಪಳ ದುಂಡಗಿದ್ದು ಆಮೇಲಿನವು ಸೀಳಿದ್ದರೆ, ನಡುವೆ ಎದ್ದು ಹೋಗಿದ್ದೀರಿ ಎಂದೇ ಅರ್ಥ.

ನೂರು ಹಪ್ಪಳದ ಲೆಕ್ಕ ಹಾಕೋಣ. ಹತ್ತೂವರೆಗೆ ಚಾಪೆ ಬಿಸಿಲಲ್ಲಿರಬೇಕು, ಅಲ್ಲಿಂದ ಹಿಂದಕ್ಕೆ ಎಣಿಸಿ. ಒತ್ತಲು ಒಂದೂವರೆ ಗಂಟೆ, ರುಬ್ಬಿ ಉಂಡೆ ಕಟ್ಟಲು ಅರ್ಧ ಗಂಟೆ, ಜೊತೆಗೆ ಏನೂ ಬರೆಯದ ಅರ್ಧ ಗಂಟೆ. ಅಂದರೆ ಎಂಟಕ್ಕೆ ರುಬ್ಬಲು ಶುರು. ಏಳಕ್ಕೆ ಸೊಳೆ ಬೇಯಲು ಇಟ್ಟು, ಅದು ಬೇಯುವ ಹೊತ್ತಿಗೆ ತಿಂಡಿ, ಅತ್ತೆಯವರ ಮಾತ್ರೆ ಮುಗಿಸಿ. ನಿಮ್ಮ ಕೈವೇಗ ಬೇರೆ ಇರಬಹುದು, ಮೂರು ದಿನ ಗಡಿಯಾರ ನೋಡಿ ಬರೆದಿಟ್ಟುಕೊಂಡೇ ಅಂಕಿ ಬದಲಿಸಿ. ಆ ಅರ್ಧ ಗಂಟೆಯನ್ನು ಮಾತ್ರ ಅಳಿಸಬೇಡಿ. ಹದಿನೈದು ನಿಮಿಷವೂ ಖಾಲಿ ಬಿಡಬೇಡಿ ಎಂದು ದುಡ್ಡು ತಗೊಂಡು ಕಲಿಸುವವರು ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಂಡವರಲ್ಲ.

ಎಂಟರಿಂದ ಹತ್ತೂವರೆ ಫೋನ್ ಬೇರೆ ಕೋಣೆಯಲ್ಲಿರಲಿ. ಒಂದು ಮೆಸೇಜಿಗೆ ಎಣ್ಣೆಗೈ ತೊಳೆದು, ಒರೆಸಿ, ಉತ್ತರ ಕೊಟ್ಟು, ಮತ್ತೆ ಹಾಳೆಗೆ ಎಣ್ಣೆ ಸವರುವಷ್ಟರಲ್ಲಿ ಹಿಟ್ಟು ತಣ್ಣಗಾಗಿರುತ್ತದೆ. WhatsApp Businessನಲ್ಲಿ Away message ಆನ್ ಮಾಡಿ, Custom schedule ಆರಿಸಿ, ಆ ಹೊತ್ತಿಗೆ ಹೀಗೆ ಬರೆದಿಡಿ: "ಹಪ್ಪಳ ಒತ್ತುತ್ತಿದ್ದೇನೆ. ಮಧ್ಯಾಹ್ನ ಒಂದೂವರೆಗೆ ಉತ್ತರ ಕೊಡುತ್ತೇನೆ. ಪಾರ್ಸೆಲ್ ಮಂಗಳವಾರ, ಶುಕ್ರವಾರ ಮಾತ್ರ." ಕಳಿಸುವ ದಿನ ಗೊತ್ತಾದರೆ "ಯಾವಾಗ ಬರುತ್ತೆ" ಎಂಬ ಮೆಸೇಜು ಕಡಿಮೆಯಾಗುತ್ತದೆ. ದರ, ತೂಕದ ಉತ್ತರಗಳನ್ನು Quick repliesಗೆ ಹಾಕಿಡಿ. ಒಂದೂವರೆಗೆ ಒಮ್ಮೆ, ರಾತ್ರಿ ಎಂಟಕ್ಕೆ ಒಮ್ಮೆ ಕೂತು ಉತ್ತರಿಸಿದರೆ ಸಾಕು.

ಬೆಳಿಗ್ಗೆಯೇ ಮೋಡ ಕಟ್ಟಿದ್ದರೆ ಸೊಳೆ ಬೇಯಿಸಲೇಬೇಡಿ. ಆ ದಿನ ಪ್ಯಾಕಿಂಗ್, ಲೆಕ್ಕ ಮಾಡಿ, ಒತ್ತುವುದನ್ನು ಮರುದಿನಕ್ಕೆ ಇಡಿ. ಮೇ ತಿಂಗಳ ಸಂಜೆ ಮಳೆ ನಮಗೆ ಹೊಸತಲ್ಲವಲ್ಲ, ಮೂರರೊಳಗೆ ಚಾಪೆ ಒಳಗೆ ತರುವುದನ್ನೂ ಗಂಟೆ ಹಾಕಿ ಬರೆಯಿರಿ.

ನಾಲ್ಕಕ್ಕೇ ಎದ್ದರೆ ಸರಿಹೋಗುತ್ತಾ?

ಇಲ್ಲ. ಬಿಸಿಲು ನಾಲ್ಕಕ್ಕೆ ಬರುವುದಿಲ್ಲ, ನಿದ್ದೆ ಮಾತ್ರ ಹೋಗುತ್ತದೆ.

ಯಾವ ಆ್ಯಪ್ ಒಳ್ಳೆಯದು?

ಅಡಿಗೆಮನೆ ಗೋಡೆಯ ಕ್ಯಾಲೆಂಡರ್, ಮನೆಯವರಿಗೆಲ್ಲ ಕಾಣುವ ಹಾಗೆ.